ಅಳತೆ ಹೇಳಬೇಕೋ, ಬರೆಯಬೇಕೋ?

ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು.
ಮಳೆ ಹಿಡಿಯುವ ಮೊದಲೇ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು.
ಮದ್ದಿನ ಅಳತೆಯನ್ನು ಟೈಪ್ ಮಾಡಿ ಹಾಕಬೇಕೋ,
ಮಾತಾಡಿ ಕಳಿಸಬೇಕೋ?

ಉದ್ದದ ಬರಹ ಕಂಡರೆ, ಓದು ತೊಡಕಾದ ಹಿರಿಯರು ದಾಟಿಬಿಡುತ್ತಾರೆ.
ವಾಯ್ಸ್ ಆದರೆ ಫೋನ್ ಕಿವಿಗಿಟ್ಟು ಕೇಳುತ್ತಾರೆ.

ಆದರೆ ಐದು ನಿಮಿಷದ ವಾಯ್ಸ್ ಅಂದರೆ ಹಗ್ಗವಿಲ್ಲದ ಬಾವಿ.
ನೀರಿದೆ, ಬೇಕಾದಾಗ ಎತ್ತಲಾಗದು.
ಡ್ರಮ್ ಮುಂದೆ ನಿಂತವರಿಗೆ ಬೇಕಿರುವುದು ಸುಣ್ಣ ಎಷ್ಟು ಅನ್ನುವುದೊಂದೇ.
ಅದು ಮಾತಿನ ನಡುವೆ ಎಲ್ಲೋ ಹುದುಗಿರುತ್ತದೆ.

ಹಾಗಾಗಿ, ಮಾಡುವ ಕ್ರಮ ಬಾಯಲ್ಲಿ, ಅಂಕಿ ಬರಹದಲ್ಲಿ.
ವಾಯ್ಸ್ ಅರ್ಧ ನಿಮಿಷ ಸಾಕು:

"ಒಂದು ಕೆಜಿ ಮೈಲುತುತ್ತ, ಐವತ್ತು ಲೀಟರ್ ನೀರಿಗೆ.
ಒಂದು ಕೆಜಿ ಸುಣ್ಣ, ಬೇರೆ ಐವತ್ತು ಲೀಟರಿಗೆ.
ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ.
ಕಬ್ಬಿಣದ ಕತ್ತಿ ಅದ್ದಿ ನೋಡಿ.
ಕೆಂಪು ಹಿಡಿದರೆ ಸುಣ್ಣ ಸಾಲದು."

ಅದರ ಕೆಳಗೇ ಒಂದು ಸಾಲು:
ತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್.

ಅಕ್ಷರ ತಡವರಿಸುವ ಎಷ್ಟೋ ಜನ ಅಂಕಿಯನ್ನು ಸಲೀಸಾಗಿ ಓದುತ್ತಾರೆ;
ಬಸ್ಸಿನ ನಂಬರು, ತೂಕದ ಚೀಟಿ ನೋಡಿದ ರೂಢಿಯದು.

ಅಡ್ಮಿನ್‌ಗಳೇ, ಇನ್ನೊಂದು ಮಾತು.
ಕೇಳಿದವರಲ್ಲಿ ಒಬ್ಬರಾದರೂ ಆ ಅಳತೆಯನ್ನು
ತಿರುಗಿ ವಾಯ್ಸ್‌ನಲ್ಲಿ ಹೇಳಲಿ.
ತಪ್ಪು ಕೇಳಿಸಿದ್ದರೆ ಡ್ರಮ್ಮಿಗೆ ಸುರಿಯುವ ಮೊದಲೇ ಗೊತ್ತಾಗುತ್ತದೆ.