ಮೂರನೆಯ ವಾರದ ಮಾತ್ರೆ

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಾಲೇಜಿನ ಕೆಲಸ ಮುಗಿಸಿಕೊಂಡು ಸಂಜೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮನೆ ಸೇರಬಹುದು. ಆ ದಿನ ನಾನು ಹೋದಾಗ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಭಾವನವರು ಜಗಲಿಯ ಮೇಲೆ ಕುಳಿತಿದ್ದರು. ಅಕ್ಕ ಒಳಗೆ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಮಲಗಿದ್ದಳು.

“ಆ ಗುಳಿಗೆ ನಿಲ್ಲಿಸಿಬಿಟ್ಟೆ ಕಣೋ” ಎಂದಳು, ತಿರುಗದೆಯೇ. “ನಾಲ್ಕು ದಿನ ತಗೊಂಡೆ. ಹೊಟ್ಟೆ ತೊಳಸೋದು, ಕೈ ನಡುಗೋದು. ಕೂತಲ್ಲಿ ಕೂರೋಕೆ ಆಗಲಿಲ್ಲ. ಇದ್ದ ಸಂಕಟದ ಮೇಲೆ ಇನ್ನೊಂದು.”

ಅವಳದು ಮೂರು ತಿಂಗಳಿನಿಂದ ಬೆಳೆದು ಬಂದ ಕಾಯಿಲೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು; ಊಟ ಸೇರುತ್ತಿರಲಿಲ್ಲ; ತಾನು ಯಾರಿಗೂ ಬೇಡದವಳು ಎಂಬ ಮಾತು ಪದೇ ಪದೇ ಬರುತ್ತಿತ್ತು. ಕೊನೆಗೆ ದಾವಣಗೆರೆಯ ಮನೋವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಇದನ್ನು ಖಿನ್ನತೆ ಎಂದರು. (ನಮ್ಮ ಕನ್ನಡದಲ್ಲಿ ಈ ಶಬ್ದ ಬರಿಯ ಬೇಸರಕ್ಕೂ ಸಲ್ಲುತ್ತದೆ. ಅದರಿಂದಲೇ ಎಷ್ಟೋ ಮನೆಗಳಲ್ಲಿ ರೋಗಕ್ಕೂ ಬೇಸರಕ್ಕೆ ಹೇಳುವ ಸಮಾಧಾನವನ್ನೇ ಹೇಳಿ ಮುಗಿಸುತ್ತಾರೆ.) ಎಸಿಟಲೋಪ್ರಾಮ್ ಎಂಬ ಔಷಧದ 10 ಮಿಲಿಗ್ರಾಂ ಮಾತ್ರೆ ಬೆಳಿಗ್ಗೆ, ಕ್ಲೋನಾಜೆಪಾಮ್ ಎಂಬ ಸಣ್ಣ ಮಾತ್ರೆ ರಾತ್ರಿ, ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಆ ಚೀಟಿಯನ್ನು ನಾನು ದೀಪದ ಬೆಳಕಿಗೆ ಹಿಡಿದು ಓದಿದೆ. ಬೆಳಗಿನ ಮಾತ್ರೆಯ ಮುಂದೆ ‘ಮೊದಲ ಏಳು ದಿನ ಅರ್ಧ’ ಎಂಬುದು ಚಿಕ್ಕ ಅಕ್ಷರದಲ್ಲಿತ್ತು. ಭಾವನವರು ಅದನ್ನು ಗಮನಿಸದೆ ಮೊದಲ ದಿನದಿಂದಲೇ ಇಡೀ ಮಾತ್ರೆ ಕೊಟ್ಟಿದ್ದರು, ಅದೂ ಬರಿಯ ಹೊಟ್ಟೆಗೆ. ಮಾತ್ರೆ ನಿಲ್ಲಿಸಿ ಆಗಲೇ ಒಂಬತ್ತು ದಿನಗಳಾಗಿದ್ದವು.

ಮರುದಿನ ವೈದ್ಯರನ್ನು ಕಂಡೆ. ನನ್ನಂಥ ಕನ್ನಡ ಮೇಷ್ಟರಿಗೂ ಅರ್ಥವಾಗುವಂತೆ ಅವರು ಹೇಳಿದುದನ್ನು, ಆಮೇಲೆ ನಾನಾಗಿ ಓದಿ ತಿಳಿದುದರೊಡನೆ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಈ ಬಗೆಯ ಔಷಧಗಳು ನಿಧಾನವಾಗಿ ಕೆಲಸ ಮಾಡುತ್ತವೆಂಬುದು ಹೊಸ ಸಂಗತಿಯೇನಲ್ಲ. ಸ್ವಿಟ್ಸರ್ಲೆಂಡಿನ ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು 1956ರಲ್ಲಿ ಇಮಿಪ್ರಮೀನ್ ಎಂಬ ಔಷಧ ಖಿನ್ನತೆಗೆ ಒದಗುವುದನ್ನು ಕಂಡು, 1957ರಲ್ಲಿ ಪ್ರಕಟಿಸಿದರು. ಆ ಕಾಲದಿಂದಲೂ ಫಲಕ್ಕೆ ಕಾಯಬೇಕಾಗುತ್ತದೆಂಬುದು ವೈದ್ಯರಿಗೆ ತಿಳಿದೇ ಇತ್ತು. ಏಕೆ ಕಾಯಬೇಕು ಎಂಬುದು ಮಾತ್ರ ಬಹುಕಾಲ ಒಗಟಾಗಿತ್ತು. ಏಕೆಂದರೆ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಮಿದುಳನ್ನು ಮುಟ್ಟಿ, ತನ್ನ ಕೆಲಸಕ್ಕೆ ಕೈ ಹಚ್ಚಿರುತ್ತದೆ.

ಆ ಕೆಲಸ ಯಾವುದು? ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು ಇರುತ್ತದೆ. ಒಂದು ಕೋಶ ಸಿರೊಟೋನಿನ್ ಎಂಬ ದ್ರವ್ಯವನ್ನು ಆ ಸಂದಿಗೆ ಬಿಡುತ್ತದೆ; ಆಚೆಯ ಕೋಶ ಅದರಿಂದ ಸುದ್ದಿಯನ್ನು ಅರಿಯುತ್ತದೆ; ಸುದ್ದಿ ಮುಟ್ಟಿದ ಮೇಲೆ ಬಿಟ್ಟ ಕೋಶವೇ ದ್ರವ್ಯವನ್ನು ಮರಳಿ ಹೀರಿಕೊಳ್ಳುತ್ತದೆ. ಎಸಿಟಲೋಪ್ರಾಮ್, ಸರ್ಟ್ರಲೀನ್ ಮೊದಲಾದುವು ಈ ಮರಳಿ ಹೀರುವ ಬಾಯಿಯನ್ನು ಮುಚ್ಚುತ್ತವೆ. ಮುಚ್ಚಿದರೆ ಸಂದಿನಲ್ಲಿ ಸಿರೊಟೋನಿನ್ ಹೆಚ್ಚಬೇಕಷ್ಟೆ. ಹಾಗಿದ್ದರೆ ಆ ದಿನವೇ ಗುಣ ಕಾಣಬೇಡವೇ?

ಇಲ್ಲಿ ನಮ್ಮ ಭದ್ರಾ ನಾಲೆಯನ್ನು ನೆನೆಯಬಹುದು. ದಾವಣಗೆರೆ, ಹರಿಹರದ ಕಡೆಯ ರೈತರಿಗೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿಸುವ ಪಾಡು ಗೊತ್ತು. ನಾಲೆಯಲ್ಲಿ ನೀರು ಸೋರಿ ಹೋಗುವ ತೂತುಗಳನ್ನೆಲ್ಲ ಒಂದೇ ದಿನದಲ್ಲಿ ಮುಚ್ಚಿದರೆನ್ನಿ. ನೀರಿನ ಮಟ್ಟ ಏರುತ್ತದೆ. ಆದರೆ ಮೇಲಿನ ತೂಬಿನ ಬಳಿಯ ನೀರುಗಂಟಿ ಆ ಏರಿಕೆಯನ್ನು ಕಂಡು, “ನೀರು ಹೆಚ್ಚಾಯಿತು” ಎಂದು ತೂಬನ್ನು ಇಳಿಸಿಬಿಡುತ್ತಾನೆ. ಕೊನೆಯ ಗದ್ದೆಗೆ ಬಂದುದು ಮೊದಲಿನಷ್ಟೇ ನೀರು. ಮಿದುಳಿನಲ್ಲಿಯೂ ಇಂಥ ನೀರುಗಂಟಿಗಳಿದ್ದಾರೆ. ಸಿರೊಟೋನಿನ್ ಬಿಡುವ ಕೋಶಗಳ ಮೈಮೇಲೆಯೇ ಅದರ ಪ್ರಮಾಣವನ್ನು ಅಳೆಯುವ ಗ್ರಾಹಕಗಳಿವೆ. ಮಟ್ಟ ಏರಿತೆಂದು ಕಂಡೊಡನೆ ಅವು ಕೋಶದ ಕೆಲಸವನ್ನು ತಗ್ಗಿಸುತ್ತವೆ. ಔಷಧವನ್ನು ದಿನವೂ ಕೊಡುತ್ತ ಹೋದರೆ ಎರಡು ಮೂರು ವಾರಗಳಲ್ಲಿ ಈ ಗ್ರಾಹಕಗಳು ಏರಿದ ಮಟ್ಟಕ್ಕೆ ಒಗ್ಗಿ ಮಂದವಾಗುತ್ತವೆ. ಆಗ ಕೋಶ ಮೊದಲಿನ ವೇಗಕ್ಕೆ ಮರಳುತ್ತದೆ. ಹೀರುವ ಬಾಯಿ ಮುಚ್ಚಿಯೇ ಇರುವುದರಿಂದ ಈಗ ನಿಜವಾಗಿ ಕೊನೆಯ ಗದ್ದೆಗೆ ನೀರು ಬರುತ್ತದೆ. ನಡುವೆ ನಾಲ್ಕು ದಿನ ಕೊಟ್ಟು ಒಂಬತ್ತು ದಿನ ಬಿಟ್ಟರೆ ನೀರುಗಂಟಿ ಒಗ್ಗುವುದೇ ಇಲ್ಲ. ನಮ್ಮ ಅಕ್ಕನ ಲೆಕ್ಕ ಮತ್ತೆ ಮೊದಲ ದಿನದಿಂದ ಆರಂಭವಾಗಬೇಕಾದುದು ಈ ಕಾರಣದಿಂದ.

ಇದೇ ಪೂರ್ತಿ ಸತ್ಯವೆಂದು ತಿಳಿಯಬಾರದು. ಸಿರೊಟೋನಿನ್ ಕಡಿಮೆಯಾದುದೇ ಖಿನ್ನತೆಗೆ ಕಾರಣವೆಂಬ ಸುಲಭವಾದ ಮಾತಿಗೆ ಗಟ್ಟಿಯಾದ ಆಧಾರ ದೊರೆತಿಲ್ಲ. ನರಕೋಶಗಳ ರೆಂಬೆಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಳ್ಳಲು ಈ ಔಷಧಗಳು ನೆರವಾಗುತ್ತವೆ, ಆ ಬೆಳವಣಿಗೆಗೂ ವಾರಗಳು ಬೇಕು, ಎಂಬುದು ಇನ್ನೊಂದು ವಿವರಣೆ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದುದು ಆಕ್ಸ್‌ಫರ್ಡಿನ ಕ್ಯಾಥರೀನ್ ಹಾರ್ಮರ್ ಮತ್ತು ಅವರ ಜೊತೆಯವರು ಕಂಡುಕೊಂಡ ಸಂಗತಿ. ಖಿನ್ನತೆಯಲ್ಲಿರುವವರು ಎದುರಿನ ಮುಖದಲ್ಲಿ ನಗೆಗಿಂತ ಮುನಿಸನ್ನೂ ದುಃಖವನ್ನೂ ಬೇಗ ಗುರುತಿಸುತ್ತಾರೆ. ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ, ಮನಸ್ಸಿಗೆ ಏನೂ ಹಾಯೆನಿಸುವ ಮೊದಲೇ, ಈ ವಾಲಿಕೆ ಸರಿಯತೊಡಗುತ್ತದೆ. ಆದರೆ ಹಾಗೆ ಸರಿದ ಕಣ್ಣಿನಿಂದ ನೆರೆಯವಳ ಮಾತನ್ನು, ಮಗನ ನಗುವನ್ನು, ಬೆಳಗಿನ ಕಾಫಿಯನ್ನು ಒಂದೊಂದಾಗಿ ಹೊಸದಾಗಿ ಕಂಡು, ಅವು ಕೂಡಿ ಬಂದ ಮೇಲೆ ತಾನೆ ‘ನಾನು ಚೇತರಿಸಿಕೊಂಡೆ’ ಎಂದು ಅನ್ನಿಸುವುದು? ಅದಕ್ಕೆ ದಿನಗಳು ಬೇಕು.

ಇನ್ನು ಅಕ್ಕನ ಹೊಟ್ಟೆ ತೊಳಸಿದ ಮಾತು. ನಮ್ಮ ದೇಹದ ಸಿರೊಟೋನಿನ್ನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಮಿದುಳಿನಲ್ಲಿ ಅಲ್ಲ, ಕರುಳಿನಲ್ಲಿ. ಮಾತ್ರೆಗೆ ಮಿದುಳು ಯಾವುದು, ಕರುಳು ಯಾವುದು ಎಂಬ ಭೇದವಿಲ್ಲ. ಆದುದರಿಂದ ಕರುಳಿನಲ್ಲಿ ಗಲಿಬಿಲಿ ಮೊದಲ ದಿನಗಳಲ್ಲಿಯೇ ಏಳಬಹುದು. ಓಕರಿಕೆ, ಭೇದಿ, ತಲೆನೋವು, ನಿದ್ರೆ ಕೆಡುವುದು ಅಥವಾ ತೂಕಡಿಕೆ, ಒಂದಿಷ್ಟು ಚಡಪಡಿಕೆ, ಇವು ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ದೇಹ ಒಗ್ಗಿ ಇವು ತಾವಾಗಿಯೇ ಇಳಿಯುತ್ತವೆ. ಅರ್ಧ ಮಾತ್ರೆಯಿಂದ ಆರಂಭಿಸುವುದೂ, ತಿಂಡಿಯೊಡನೆ ಕೊಡುವುದೂ ಈ ಗಲಿಬಿಲಿಯನ್ನು ತಗ್ಗಿಸಲೆಂದೇ. ಇವು ಔಷಧ ‘ಒಗ್ಗಲಿಲ್ಲ’ ಎಂಬುದರ ಗುರುತಲ್ಲ. ಹಾಗೆಂದು ‘ಚೆನ್ನಾಗಿ ಹಿಡಿದಿದೆ’ ಎಂಬುದರ ಗುರುತೂ ಅಲ್ಲ. ಏನೂ ತೊಂದರೆಯಾಗದವರಿಗೂ ಔಷಧ ಅಷ್ಟೇ ಫಲ ಕೊಡಬಹುದು. ಕಾಮಾಸಕ್ತಿ ಕುಂದುವ ತೊಂದರೆಯೊಂದು ಮಾತ್ರ ತಾನಾಗಿ ಹೋಗದೆ ಉಳಿಯಬಹುದು. ನಾಚಿಕೆಯಿಂದ ಅದನ್ನು ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುವವರುಂಟು ಎಂದು ವೈದ್ಯರು ನೊಂದು ನುಡಿದರು. ಹೇಳಿದರೆ ಅದಕ್ಕೂ ಬೇರೆ ದಾರಿಗಳಿವೆ.

ಕಾಯಬಾರದ ತೊಂದರೆಗಳೂ ಇವೆ. ಚಡಪಡಿಕೆ ಮಿತಿಮೀರಿ ಕೂರಲೂ ನಿಲ್ಲಲೂ ಆಗದಿದ್ದರೆ, ಸಾಯುವ ಆಲೋಚನೆ ಹೊಸದಾಗಿ ಬಂದರೆ ಅಥವಾ ಮೊದಲಿಗಿಂತ ಬಲವಾದರೆ, ಅಂದೇ ವೈದ್ಯರಿಗೆ ತಿಳಿಸಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಕೊಟ್ಟ ಈ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಿತು. ಆದುದರಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಔಷಧ ಆರಂಭಿಸಿದ ಮೊದಲ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ವೇಳೆಯಲ್ಲದ ವೇಳೆಯಲ್ಲಿ ಯಾರೂ ಸಿಗದಿದ್ದರೆ 14416 ಎಂಬ ಟೆಲಿ-ಮಾನಸ್ ದೂರವಾಣಿಗೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ನಿದ್ರೆಯೇ ಬೇಡವೆಂಬಂತೆ ಉತ್ಸಾಹ ಉಕ್ಕಿ, ಮಾತು ಓಡಿ, ಹಣ ಚೆಲ್ಲತೊಡಗಿದರೆ ಅದು ಗುಣವಲ್ಲ, ಬೇರೊಂದು ಕಾಯಿಲೆಯ ಸೂಚನೆ. ವಯಸ್ಸಾದವರಲ್ಲಿ, ಅದರಲ್ಲಿಯೂ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ, ರಕ್ತದ ಸೋಡಿಯಂ ಇಳಿದು ಮಂಕು ಕವಿಯಬಹುದು. ಅದನ್ನು ‘ಖಿನ್ನತೆ ಹೆಚ್ಚಾಯಿತು’ ಎಂದು ಬಗೆಯದೆ ರಕ್ತ ಪರೀಕ್ಷೆ ಮಾಡಿಸಬೇಕು.

ಅಕ್ಕನಿಗೆ ಮತ್ತೆ ಆರಂಭವಾಯಿತು. ಈ ಸಲ ಅರ್ಧ ಮಾತ್ರೆ, ಉಪ್ಪಿಟ್ಟೋ ದೋಸೆಯೋ ತಿಂದ ಮೇಲೆ. ಭಾವನವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತ ಬಂದರು. ಐದು ದಿನ ಹೊಟ್ಟೆ ತೊಳಸಿತು, ಆರನೆಯ ದಿನ ಇಲ್ಲ. ಎಂಟನೆಯ ದಿನದಿಂದ ಇಡೀ ಮಾತ್ರೆ. ಮತ್ತೆ ಎರಡು ದಿನ ಸ್ವಲ್ಪ ಸಂಕಟ.

ನಡುವೆ ಇನ್ನೊಂದು ತೊಡಕು ಬಂತು. “ರಾತ್ರಿಯ ಗುಳಿಗೆಯೇ ನಿಜವಾದ ಔಷಧಿ. ನುಂಗಿದ ಅರ್ಧ ಗಂಟೆಗೆ ನಿದ್ದೆ ಬರುತ್ತೆ. ಬೆಳಗಿನದು ಯಾತಕ್ಕೆ?” ಎಂದಳು. ವೈದ್ಯರು ನಕ್ಕು, ಬಹಳ ಮನೆಗಳಲ್ಲಿ ಹೀಗೆಯೇ ಆಗುತ್ತದೆಂದರು. ಬೆಳಗಿನದು ಫಲಿಸುವವರೆಗೆ ಚಡಪಡಿಕೆಯನ್ನೂ ನಿದ್ದೆಗೇಡನ್ನೂ ದಾಟಿಸಲು ಕ್ಲೋನಾಜೆಪಾಮನ್ನು ಎರಡು ಮೂರು ವಾರಗಳಿಗೆಂದು ಕೊಡುತ್ತಾರೆ. ಅದು ಖಿನ್ನತೆಯನ್ನು ಗುಣಪಡಿಸುವುದಿಲ್ಲ, ಬಹುದಿನ ಹಿಡಿದರೆ ಬಿಡಿಸುವುದು ಕಷ್ಟ. ಬೇಗ ಹಿತಕೊಡುವುದನ್ನು ಉಳಿಸಿಕೊಂಡು, ತಡವಾಗಿ ಗುಣಕೊಡುವುದನ್ನು ಬಿಟ್ಟವರು ತಿಂಗಳುಗಟ್ಟಲೆ ನಿದ್ರೆಯ ಮಾತ್ರೆಗೆ ಅಂಟಿಕೊಂಡೇ ಉಳಿಯುತ್ತಾರೆ. ಅಕ್ಕನಿಗೆ ಮೂರನೆಯ ವಾರದಲ್ಲಿ ಅದನ್ನು ಅರ್ಧ ಮಾಡಿ, ಆಮೇಲೆ ನಿಲ್ಲಿಸಿದರು.

ಹದಿಮೂರನೆಯ ದಿನ ಭಾವನವರು ನನಗೆ ಫೋನು ಮಾಡಿದರು. “ನಿಮ್ಮಕ್ಕ ಇವತ್ತು ಪಕ್ಕದ ಮನೆ ಮಗುವಿಗೆ ಜ್ವರ ಹೆಂಗಿದೆ ಅಂತ ಕೇಳಿದಳು. ಸಾರಿಗೆ ಉಪ್ಪು ಕಡಿಮೆ ಅಂತ ತಾನೇ ಹಾಕ್ಕೊಂಡಳು.” ನಾನು ಅಕ್ಕನನ್ನು ಕೇಳಿದರೆ, “ನನಗೇನೂ ವ್ಯತ್ಯಾಸವಿಲ್ಲ” ಎಂದಳು. ಇದೂ ಹೀಗೆಯೇ ನಡೆಯುವುದಂತೆ: ಮೊದಲು ಕಾಣುವುದು ಮನೆಯವರಿಗೆ, ಕೊನೆಗೆ ರೋಗಿಗೆ. ಎರಡನೆಯ ವಾರದಲ್ಲಿ ಅಲ್ಪಸ್ವಲ್ಪ, ಪೂರ್ಣ ಫಲಕ್ಕೆ ಆರರಿಂದ ಎಂಟು ವಾರ. ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ಬಿಡದೆ ಕೊಟ್ಟರೂ ಕಿಂಚಿತ್ತಾದರೂ ಬದಲಾವಣೆ ಕಾಣದಿದ್ದರೆ ಮಾತ್ರ ಪ್ರಮಾಣ ಹೆಚ್ಚಿಸುವ ಅಥವಾ ಔಷಧ ಬದಲಿಸುವ ವಿಚಾರ. ಮೊದಲ ಔಷಧ ಎಲ್ಲರಿಗೂ ಒದಗುವುದಿಲ್ಲ. ಆದರೆ ಅದನ್ನು ತೀರ್ಮಾನಿಸುವುದು ನಾಲ್ಕನೆಯ ದಿನದಲ್ಲಿ ಅಲ್ಲ.

ಏಳನೆಯ ವಾರ ನಾನು ಹೋದಾಗ ಅಕ್ಕ ಹೊಳೆಯ ಕಡೆಗೆ ಹೋಗಿ ಹರಿಹರೇಶ್ವರನ ಗುಡಿಯಿಂದ ಆಗತಾನೆ ಬಂದಿದ್ದಳು. ಕಾಫಿ ಕೊಟ್ಟು, “ಇನ್ನು ಗುಳಿಗೆ ಬಿಡಬಹುದಲ್ಲವೇನೋ?” ಎಂದು ಕೇಳಿದಳು. ಬಿಡಬಾರದು. ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಬೇಕು. ಬೇಗ ಬಿಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಬಿಡುವಾಗಲೂ ಒಮ್ಮೆಗೇ ಬಿಟ್ಟರೆ ತಲೆಸುತ್ತು, ಮೈಯಲ್ಲಿ ವಿದ್ಯುತ್ತು ಹರಿದಂಥ ಜುಮ್ಮು, ಕಿರಿಕಿರಿ ಬರುತ್ತವಾದುದರಿಂದ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಇದನ್ನು ಹೇಳಿದಾಗ ಅವಳು ಮುಖ ಸಿಂಡರಿಸಿದಳು. ಭಾವನವರು ಎದ್ದುಹೋಗಿ ಕ್ಯಾಲೆಂಡರಿನ ಹಾಳೆ ತಿರುವಿ, ಮುಂದಿನ ತಿಂಗಳಿಗೂ ಪೆನ್ಸಿಲನ್ನು ಸಿಕ್ಕಿಸಿಟ್ಟರು.