ಇಲ್ಲದ ಪುಟಕ್ಕೆ ಸಲ್ಲಬೇಕಾದ ಉತ್ತರ

ಚೆನ್ನೈ ನಗರದ ಸೌಕಾರ್‌ಪೇಟೆಯು ಸಗಟು ವ್ಯಾಪಾರಕ್ಕೆ ಹೆಸರಾದ ಪ್ರದೇಶ. ಅಲ್ಲಿನ ಮಿಂಟ್ ಬೀದಿಯ ಪಾತ್ರೆ ವರ್ತಕರೊಬ್ಬರು ತಮ್ಮ ಸರಕಿನ ಪಟ್ಟಿಯನ್ನು ಜಾಲತಾಣದಲ್ಲಿ ಇರಿಸಿದ್ದಾರೆ ಎಂದು ಭಾವಿಸೋಣ. ಬಂಗಾರಪೇಟೆಯ ಚಿಲ್ಲರೆ ವ್ಯಾಪಾರಿಯೊಬ್ಬರು ಹಳೆಯ ಬೆಲೆಪಟ್ಟಿಯಲ್ಲಿ ಅಚ್ಚಾಗಿದ್ದ `/patre/steel-dabba` ಎಂಬ ವಿಳಾಸವನ್ನು ಟೈಪು ಮಾಡುತ್ತಾರೆ. ಆ ಪುಟವನ್ನು ವರ್ತಕರು ಹಿಂದೆಯೇ ತೆಗೆದುಹಾಕಿದ್ದಾರೆ. ಈ ಸಂದರ್ಭದಲ್ಲಿ ಜಾಲತಾಣವು ಇಬ್ಬರಿಗೆ ಉತ್ತರ ನೀಡಬೇಕಾಗುತ್ತದೆ: ಒಬ್ಬರು ಓದುವ ಮನುಷ್ಯರು, ಇನ್ನೊಂದು ಯಂತ್ರ.

ಮನುಷ್ಯರಿಗೆ ನೀಡುವ ಉತ್ತರ

ಪುಟದ ಮೊದಲ ಸಾಲಿನಲ್ಲಿ "ನೀವು ಕೇಳಿದ ಪುಟ ಇಲ್ಲಿ ಇಲ್ಲ" ಎಂದು ಸರಳವಾಗಿ ತಿಳಿಸತಕ್ಕದ್ದು. ತಪ್ಪು ಓದುಗರದೇ ಎಂಬ ಧ್ವನಿ ಅದರಲ್ಲಿ ಇರಬಾರದು. ಮೇಲಿನ ಉದಾಹರಣೆಯಲ್ಲಿ ತಪ್ಪು ಅವರದಲ್ಲ. ಅದರ ಕೆಳಗೆ ಹುಡುಕುವ ಪೆಟ್ಟಿಗೆಯನ್ನು ಇರಿಸಬೇಕು. ಬಂದ ವಿಳಾಸದಲ್ಲಿರುವ "steel dabba" ಎಂಬ ಪದಗಳನ್ನು ಪೆಟ್ಟಿಗೆಯಲ್ಲಿ ಮೊದಲೇ ತುಂಬಿಸಿದ್ದರೆ ವ್ಯಾಪಾರಿಗೆ ಒಂದು ಗುಂಡಿ ಒತ್ತುವಷ್ಟೇ ಕೆಲಸ ಉಳಿಯುತ್ತದೆ.

ಪೆಟ್ಟಿಗೆಯ ಕೆಳಗೆ ಹೆಚ್ಚು ಜನರು ನೋಡುವ ನಾಲ್ಕೈದು ಪುಟಗಳ ಕೊಂಡಿಗಳು ಸಾಕು: ಪಾತ್ರೆಗಳ ಪಟ್ಟಿ, ಈಗಿನ ಬೆಲೆ, ಅಂಗಡಿಗೆ ಬರುವ ದಾರಿ, ದೂರವಾಣಿ ಸಂಖ್ಯೆ. ಯಾವ ಪುಟಗಳನ್ನು ಆರಿಸಬೇಕೆಂಬುದನ್ನು ಊಹೆಗೆ ಬಿಡದೆ ಸರ್ವರ್‌ನ ದಾಖಲೆಯನ್ನು ನೋಡಿ ನಿರ್ಧರಿಸಬೇಕು. ಇಡೀ ತಾಣದ ಪಟ್ಟಿಯನ್ನೇ ಹಾಕಿದರೆ ದಾರಿ ತಪ್ಪಿದವರು ಮತ್ತೊಮ್ಮೆ ದಾರಿ ತಪ್ಪುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೊಂದಿದೆ. ಇದೇ ಪುಟವು ಯಾವ ವಿಳಾಸದ ಅಡಿಯಲ್ಲಿಯಾದರೂ ಕಾಣಿಸಿಕೊಳ್ಳಬಹುದು. ಚಿತ್ರವನ್ನು `chitra.png` ಎಂದಷ್ಟೇ ಸೂಚಿಸಿದ್ದರೆ, ಬ್ರೌಸರ್ ಅದನ್ನು `/patre/` ಎಂಬ ಕಡತಕೋಶದಲ್ಲಿ ಹುಡುಕಿ ಸಿಗದೆ ನಿರಾಶೆಗೊಳಿಸುತ್ತದೆ. ಆದುದರಿಂದ ಕೊಂಡಿಗಳನ್ನೂ ಚಿತ್ರಗಳನ್ನೂ `/chitra.png` ಎಂಬಂತೆ ಓರೆಗೆರೆಯಿಂದ ಆರಂಭಿಸಿ ಬರೆಯತಕ್ಕದ್ದು.

ಯಂತ್ರಕ್ಕೆ ನೀಡುವ ಉತ್ತರ

ಪ್ರತಿಯೊಂದು ಪುಟದೊಡನೆಯೂ ಸರ್ವರ್ ಮೂರು ಅಂಕಿಗಳ ಸ್ಥಿತಿಸಂಖ್ಯೆಯೊಂದನ್ನು ಕಳುಹಿಸುತ್ತದೆ. 200 ಎಂದರೆ "ಕೇಳಿದ್ದು ಇದೆ, ತೆಗೆದುಕೊಳ್ಳಿ". 404 ಎಂದರೆ "ಕೇಳಿದ್ದು ಸಿಗಲಿಲ್ಲ". ಓದುಗರ ಕಣ್ಣಿಗೆ ಇದು ಬೀಳುವುದಿಲ್ಲ. ಆದರೆ ಶೋಧಯಂತ್ರಗಳು ಇದನ್ನೇ ನಂಬುತ್ತವೆ. ಚೆಂದದ ಪುಟವನ್ನು 200 ಎಂಬ ಸಂಖ್ಯೆಯೊಡನೆ ಕಳುಹಿಸಿದರೆ, ಇಲ್ಲದ ವಿಳಾಸಗಳೆಲ್ಲ ಇವೆಯೆಂದು ಸರ್ವರ್ ಸುಳ್ಳು ಹೇಳಿದಂತಾಗುತ್ತದೆ. ಶೋಧಯಂತ್ರವು ಆ ವಿಳಾಸಗಳಿಗೆ ಮತ್ತೆ ಮತ್ತೆ ಬರುತ್ತದೆ. ಮುರಿದ ಕೊಂಡಿಗಳನ್ನು ಪತ್ತೆಮಾಡುವ ಸಾಧನಗಳಿಗೂ ಏನೂ ಗೋಚರಿಸುವುದಿಲ್ಲ.

ಈ ತಪ್ಪು ಹಲವು ವೇಳೆ ಒಂದೇ ಸಾಲಿನಿಂದ ಉಂಟಾಗುತ್ತದೆ. ಅಪಾಚೆ ಸರ್ವರ್‌ನಲ್ಲಿ ಸರಿಯಾದ ಸೂಚನೆ ಹೀಗಿರುತ್ತದೆ:

```
ErrorDocument 404 /404.html
```

ಇದರ ಬದಲು ಪೂರ್ಣ ವಿಳಾಸವನ್ನು ಬರೆದರೆ ಫಲ ಬೇರೆಯಾಗುತ್ತದೆ:

```
ErrorDocument 404 https://example.in/404.html
```

ಎರಡನೆಯ ರೀತಿಯಲ್ಲಿ ಸರ್ವರ್ 404 ಎನ್ನುವುದಿಲ್ಲ. "ಆ ವಿಳಾಸಕ್ಕೆ ಹೋಗಿ" ಎಂದು 302 ಸಂಖ್ಯೆಯನ್ನು ಕಳುಹಿಸುತ್ತದೆ. ಆ ಪುಟ 200ರೊಡನೆ ಬರುತ್ತದೆ. ಮೇಲಾಗಿ, ವಿಳಾಸಪಟ್ಟಿಯಲ್ಲಿ ವ್ಯಾಪಾರಿಯು ಟೈಪು ಮಾಡಿದ್ದು ಅಳಿಸಿಹೋಗುವುದರಿಂದ ಒಂದಕ್ಷರದ ತಪ್ಪಾಗಿದ್ದರೂ ಅವರು ಅದನ್ನು ನೋಡಿ ತಿದ್ದಿಕೊಳ್ಳಲಾರರು. ಬಾರದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಪದ್ಧತಿಯೂ ಇದೇ ಕಾರಣದಿಂದ ಸಲ್ಲದು.

ಪರೀಕ್ಷಿಸುವ ವಿಧಾನ

ಪುಟವು ಕಣ್ಣಿಗೆ ಸರಿಯಾಗಿ ಕಂಡರೆ ಸಾಲದು. ಖಂಡಿತವಾಗಿ ಇಲ್ಲದ ವಿಳಾಸವೊಂದನ್ನು ಈ ಆದೇಶದಿಂದ ಕೇಳಿ ನೋಡಬೇಕು:

```
curl -I https://example.in/illada-puta
```

ಉತ್ತರದ ಮೊದಲ ಸಾಲಿನಲ್ಲಿ 404 ಎಂದಿದ್ದರೆ ವ್ಯವಸ್ಥೆ ಸರಿಯಾಗಿದೆ. 200 ಅಥವಾ 302 ಎಂದು ಬಂದರೆ ಮೇಲಿನ ಸಾಲನ್ನು ಪರಿಶೀಲಿಸತಕ್ಕದ್ದು.

404 ಎಲ್ಲ ಸಂದರ್ಭಗಳಿಗೂ ಉತ್ತರವಲ್ಲ. ಸ್ಟೀಲ್ ಡಬ್ಬಗಳ ಪುಟವನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿದ್ದರೆ, ಹಳೆಯ ವಿಳಾಸದಿಂದ 301 ಸಂಖ್ಯೆಯೊಡನೆ ನೇರವಾಗಿ ಅಲ್ಲಿಗೇ ಕಳುಹಿಸಬೇಕು. ಆ ಸರಕಿನ ವ್ಯಾಪಾರವನ್ನೇ ಶಾಶ್ವತವಾಗಿ ನಿಲ್ಲಿಸಿದ್ದರೆ 410 ಎಂಬ ಸಂಖ್ಯೆ ಹೆಚ್ಚು ನಿಖರವಾದುದು. ವರ್ತಕರು ಆಗಾಗ ಸರ್ವರ್‌ನ ದಾಖಲೆಯಲ್ಲಿ 404 ಬಂದ ವಿಳಾಸಗಳನ್ನು ನೋಡುತ್ತಿದ್ದರೆ, ಅಚ್ಚಾದ ಹಳೆಯ ಬೆಲೆಪಟ್ಟಿಯಿಂದ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಸರಿಯಾದ ಸಂಖ್ಯೆಯನ್ನು ಕಳುಹಿಸಿದ್ದರೆ ಮಾತ್ರ ಈ ಮಾಹಿತಿ ದೊರೆಯುವುದು.