ತಲೆಯೊಳಗಿನ ಹಾಡಿಗೆ ತಾಳ ಹಿಡಿದವರು

ಬೆಳಗಿನ ಲೋಕಲ್‌ನಲ್ಲಿ ಭಜನೆ ಮಂಡಳಿಯವರು ಕೂರುವ ಡಬ್ಬಕ್ಕೆ ಹತ್ತಿದವರಿಗೆ ಇದು ಹೊಸ ಅನುಭವವಲ್ಲ. ಸಾಂತಾಕ್ರೂಜ್‌ನಲ್ಲಿ ಹತ್ತುವಾಗಲೇ ತಾಳ, ಚಪ್ಪಾಳೆ ಜೋರಾಗಿರುತ್ತವೆ. ಚರ್ಚ್‌ಗೇಟಿನಲ್ಲಿ ಇಳಿದು, ಆಫೀಸು ಸೇರಿ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಾದರೂ ಆ ಅಭಂಗದ ಒಂದು ತುಣುಕು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಇಡೀ ಹಾಡೇನೂ ಬರುವುದಿಲ್ಲ, ಹೆಚ್ಚೆಂದರೆ ಪಲ್ಲವಿ. ಅದು ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ಬಾ ಎಂದು ಕರೆದದ್ದಿಲ್ಲ, ಹೋಗು ಎಂದರೆ ಹೋಗುವುದೂ ಇಲ್ಲ. ಹಾಡಿನ ಗುಂಗು ಹಿಡಿಯಿತು ಎನ್ನುತ್ತೇವಲ್ಲ, ಅದೇ. ಮನೋವಿಜ್ಞಾನಿಗಳು ಇದನ್ನು ಇಯರ್‌ವರ್ಮ್ ಎನ್ನುತ್ತಾರೆ. ಫಿನ್ಲೆಂಡಿನ ಲಾಸ್ಸಿ ಲೀಕ್ಕನೆನ್ ಅಂತರ್ಜಾಲದ ಮೂಲಕ 12,000ಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ ಎಂದರು.

ಇಷ್ಟು ಸಾಮಾನ್ಯವಾದದ್ದನ್ನು ಅಳೆಯುವುದು ಮಾತ್ರ ಬಹಳ ಕಷ್ಟ. ಜ್ವರಕ್ಕೆ ಥರ್ಮಾಮೀಟರ್ ಇದೆ, ಗುಂಗಿಗೆ ಏನಿದೆ? ಹಾಡು ಕೇಳುತ್ತಿರುವುದು ಒಬ್ಬರಿಗೆ ಮಾತ್ರ, ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಪ್ರಯೋಗಾಲಯಕ್ಕೆ ಕರೆಸಿ ಈಗ ಬರಲಿ ಎಂದರೆ ಬರುವುದಿಲ್ಲ, ಏಕೆಂದರೆ ಬೇಕೆಂದು ತಂದುಕೊಂಡ ಹಾಡು ಗುಂಗೇ ಅಲ್ಲ. ಸಂಜೆ ಕೂರಿಸಿ ಇಂದು ಏನೇನು ಬಂತು ಎಂದು ವಿಚಾರಿಸಿದರೆ ಅರ್ಧ ಮರೆತಿರುತ್ತಾರೆ, ಇನ್ನರ್ಧವನ್ನು ಊಹಿಸಿ ಹೇಳುತ್ತಾರೆ. ಈ ಅಡ್ಡಿಗಳನ್ನು ಸಂಶೋಧಕರು ದಾಟಿದ ಬಗೆಯೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡದ್ದು.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡೋಣ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕೆಲಿ ಜಾಕುಬೋವ್‌ಸ್ಕಿ ಮತ್ತು ಸಂಗಡಿಗರು 17 ಜನರ ಮಣಿಕಟ್ಟಿಗೆ ವಾಚಿನಂಥ ಒಂದು ಉಪಕರಣ ಕಟ್ಟಿದರು. ಅದರೊಳಗೆ ಇದ್ದದ್ದು ಅಲುಗಾಟವನ್ನು ದಾಖಲಿಸುವ ಸಂವೇದಕ, ಅಕ್ಸೆಲರೋಮೀಟರ್. ನಾಲ್ಕು ದಿನ ಅದನ್ನು ಕಟ್ಟಿಕೊಂಡೇ ಅವರು ತಮ್ಮ ಎಂದಿನ ಕೆಲಸ ಮಾಡಿಕೊಂಡಿರಬೇಕು. ತಲೆಯಲ್ಲಿ ಹಾಡು ಸುಳಿದಿದ್ದು ಗಮನಕ್ಕೆ ಬಂದ ಕೂಡಲೇ ಅದರ ಲಯಕ್ಕೆ ಸರಿಯಾಗಿ ಕೈಯಿಂದ ತಟ್ಟಬೇಕು, ಆಮೇಲೆ ಜೊತೆಗಿರುವ ಪುಟ್ಟ ಪುಸ್ತಕದಲ್ಲಿ ಯಾವ ಹಾಡು, ಯಾವ ಭಾಗ, ಇತ್ತೀಚೆಗೆ ಕೇಳಿದ್ದೇ, ಮನಸ್ಸು ಹೇಗಿತ್ತು ಎಂದು ಬರೆಯಬೇಕು. ಪ್ರತಿ ತಟ್ಟಿಗೂ ಉಪಕರಣದಲ್ಲಿ ಒಂದೊಂದು ಚೂಪು ಗೆರೆ ಏಳುತ್ತದೆ. ಎರಡು ಗೆರೆಗಳ ನಡುವೆ ಅರ್ಧ ಸೆಕೆಂಡು ಇದ್ದರೆ ತಲೆಯೊಳಗಿನ ಹಾಡು ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಓಡುತ್ತಿದೆ ಎಂದರ್ಥ.

ಕಂಸಾಳೆ, ಜಾಗಟೆ ಹಿಡಿದು ಬೆಳೆದ ನಮ್ಮವರಿಗೆ ಈ ಉಪಾಯ ಸಹಜವಾಗಿಯೇ ಕಾಣಬಹುದು. ಹಾಡನ್ನು ಬಾಯಲ್ಲಿ ಹೇಳಲಾರದವರೂ ತಾಳ ಹಾಕಬಲ್ಲರು. ಜೊತೆಗೆ, ಹಾಡು ಬಂದ ಗಳಿಗೆಯಲ್ಲೇ ದಾಖಲೆ ಆಗುವುದರಿಂದ ಸಂಜೆಯ ಮರೆವಿಗೆ ಇಲ್ಲಿ ಜಾಗವಿಲ್ಲ.

ಈಗ ತಾಳೆ ನೋಡುವ ಕೆಲಸ. ನಿಮಿಷಕ್ಕೆ 120 ಪೆಟ್ಟಿನಲ್ಲಿ ಮುದ್ರಣವಾದ ಹಾಡನ್ನು ಒಬ್ಬರು 108ರಿಂದ 132ರ ಒಳಗೆ ತಟ್ಟಿದರೆ ಮೂಲದ ವೇಗಕ್ಕಿಂತ ಹೆಚ್ಚೆಂದರೆ ಶೇಕಡಾ 10 ಆಚೀಚೆ. ಮೂಲ ಮುದ್ರಣ ಸಿಕ್ಕ ಹಾಡುಗಳಲ್ಲಿ ಶೇ. 59ರಷ್ಟು ಈ ಮಿತಿಯೊಳಗೇ ಇದ್ದವು. ಮಿತಿಯನ್ನು ಶೇ. 15ಕ್ಕೆ ಸಡಿಲಿಸಿದರೆ ಶೇ. 77. ಯಾರೂ ಕರೆಯದೆ, ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ ಬಂದ ಹಾಡು ಇಷ್ಟು ನಿಖರವಾಗಿ ಮೂಲದ ವೇಗವನ್ನು ಹಿಡಿದಿರುತ್ತದೆ. ಮನಸ್ಸು ಹೆಚ್ಚು ಚುರುಕಾಗಿದ್ದಾಗ ಬಂದ ಹಾಡುಗಳು ಹೆಚ್ಚು ವೇಗದವಾಗಿದ್ದವು ಎಂಬುದೂ ಅದೇ ದಾಖಲೆಯಲ್ಲಿ ಕಂಡಿತು.

ಇಂಥ ಅಳತೆ ಎಲ್ಲಿ ಎಡವುತ್ತದೆ ಎಂಬುದನ್ನು ಸಂಗೀತ ಪಾಠಕ್ಕೆ ಹೋದ ಮಕ್ಕಳೇ ಹೇಳಿಯಾರು. ಒಂದೇ ಹಾಡಿಗೆ ಒಬ್ಬರು ಮೊದಲ ಕಾಲದಲ್ಲಿ ತಾಳ ಹಾಕಿದರೆ ಇನ್ನೊಬ್ಬರು ಎರಡನೇ ಕಾಲದಲ್ಲಿ ಹಾಕಬಹುದು. ಆಗ ಲೆಕ್ಕದಲ್ಲಿ 60 ಎಂದೂ 120 ಎಂದೂ ಬಂದರೂ ತಲೆಯೊಳಗಿನ ಹಾಡು ಒಂದೇ. ಇದನ್ನು ಗಮನಿಸದೆ ಸರಾಸರಿ ತೆಗೆದರೆ ಉತ್ತರ ಕೆಡುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಗಮನಿಸಿ ಎಂದು ಹೇಳಿದ ಕ್ಷಣದಿಂದ ಜನ ಹೆಚ್ಚು ಗಮನಿಸತೊಡಗುತ್ತಾರೆ, ತಟ್ಟುವುದರಿಂದಲೇ ಹಾಡು ಇನ್ನಷ್ಟು ಹೊತ್ತು ಉಳಿಯಲೂಬಹುದು. ಹೀಗಾಗಿ ಗುಂಗು ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬ ಪ್ರಶ್ನೆಗೆ ಈ ವಿಧಾನದ ಉತ್ತರವನ್ನು ನಂಬಿಕೊಳ್ಳುವಂತಿಲ್ಲ. ಬಂದದ್ದು ಯಾವ ವೇಗದಲ್ಲಿತ್ತು ಎಂಬ ಪ್ರಶ್ನೆಗೆ ಅದು ಗಟ್ಟಿಯಾದ ಉತ್ತರ ಕೊಡುತ್ತದೆ.

ವೇಗ ಸರಿ, ಶ್ರುತಿಯ ಕಥೆ ಏನು? ಇದನ್ನು ಕೇಳಿದವರು ಇನ್ನೊಂದು ಸಾಂತಾಕ್ರೂಜ್‌ನವರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಿನ ಊರಿದೆ, ಅಲ್ಲೊಂದು ವಿಶ್ವವಿದ್ಯಾಲಯವಿದೆ. ಅಲ್ಲಿನ ಮ್ಯಾಟ್ ಇವಾನ್ಸ್, ನಿಕೊಲಾಸ್ ಡೆವಿಡೆಂಕೊ ಮತ್ತು ಜೊತೆಗಾರರ ಅಧ್ಯಯನ 2024ರಲ್ಲಿ ಹೊರಬಂತು. 30 ಜನರ ಫೋನಿಗೆ ಎರಡು ವಾರಗಳ ಕಾಲ ಹೊತ್ತಲ್ಲದ ಹೊತ್ತಿನಲ್ಲಿ ಸೂಚನೆ ಹೋಗುತ್ತಿತ್ತು. ಆಗ ತಲೆಯಲ್ಲಿ ಹಾಡಿದ್ದರೆ ಅದನ್ನು ಇದ್ದ ಹಾಗೇ ಬಾಯಿಬಿಟ್ಟು ಹಾಡಿ ಮುದ್ರಿಸಬೇಕು. ಹಾಡಿದವರು ಯಾರೂ ಪಳಗಿದ ಗಾಯಕರಾಗಬೇಕಿರಲಿಲ್ಲ. ಆ ಧ್ವನಿಯನ್ನು ಮೂಲ ಹಾಡಿನ ಶ್ರುತಿಗೆ ಹೋಲಿಸಿದಾಗ ಶೇ. 44.7 ಮುದ್ರಣಗಳು ಮೂಲದ ಶ್ರುತಿಯಲ್ಲೇ ಇದ್ದವು, ಶೇ. 68.9 ಅರ್ಧ ಸ್ವರದೊಳಗೆ ಬಂದವು. ಅಂದರೆ ಹಾರ್ಮೋನಿಯಮ್ಮಿನಲ್ಲಿ ಹೆಚ್ಚೆಂದರೆ ಪಕ್ಕದ ಮನೆಯ ಅಂತರ.

ಇದು ಎಷ್ಟು ದೊಡ್ಡ ಮಾತು ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಸ್ಥಾಯಿಯಲ್ಲಿ ಹನ್ನೆರಡು ಮನೆಗಳು. ಬಾಯಿಗೆ ಬಂದ ಶ್ರುತಿಯಲ್ಲಿ ಸುಮ್ಮನೆ ಹಾಡಿದ್ದರೆ ಸರಿಯಾದ ಮನೆ ಸಿಗುವುದು ಹನ್ನೆರಡರಲ್ಲಿ ಒಂದು ಸಲ, ಅಂದರೆ ನೂರಕ್ಕೆ ಎಂಟು. ಪಕ್ಕದ ಎರಡು ಮನೆ ಸೇರಿಸಿದರೂ ನೂರಕ್ಕೆ 25. ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಯಾವುದೇ ಸ್ವರವನ್ನು ಕೇಳಿದೊಡನೆ ಗುರುತಿಸಿ ಹೆಸರು ಹೇಳಬಲ್ಲವರು ಜಗತ್ತಿನಲ್ಲಿ ಬಹಳ ವಿರಳ. ಹಾಗೆ ಹೆಸರು ಹೇಳಲಾರದ ನಮ್ಮ ನಿಮ್ಮಂಥವರ ನೆನಪಿನಲ್ಲೂ ಹಾಡು ತನ್ನ ಮೂಲ ಶ್ರುತಿಯನ್ನು ಬಹುಮಟ್ಟಿಗೆ ಇಟ್ಟುಕೊಂಡೇ ಕೂತಿರುತ್ತದೆ.

ಇಲ್ಲಿಯವರೆಗೆ ಹೇಗೆ ಬರುತ್ತದೆ ಎಂಬ ಮಾತಾಯಿತು. ಈ ಹಾಡೇ ಏಕೆ, ಬೇರೆ ಏಕಲ್ಲ? ಇದಕ್ಕೆ ಸುಲಭದ ಉತ್ತರವೊಂದು ಎಲ್ಲರ ಬಳಿಯೂ ಇದೆ: ಹೆಚ್ಚು ಕೇಳಿದ್ದು ಹೆಚ್ಚು ಅಂಟುತ್ತದೆ. ಅದು ಸುಳ್ಳೇನಲ್ಲ. ಸಾಂತಾಕ್ರೂಜ್ ಪಶ್ಚಿಮದಲ್ಲಿ ಬಾಳಿದ ಆರ್. ಡಿ. ಬರ್ಮನ್ ಅವರ ಹೆಸರಿನ ಚೌಕ ಅದೇ ಬಡಾವಣೆಯಲ್ಲಿದೆ. ಅವರು ಹೊಸೆದ ರಾಗಗಳು ಅವರು ತೀರಿಕೊಂಡ 1994ರ ನಂತರವೂ ಮುಂಬಯಿಯ ತಲೆಗಳನ್ನು ಬಿಟ್ಟಿಲ್ಲ. ಆದರೆ ಅದು ರಾಗದ ಕಟ್ಟಣೆಯ ಗುಣವೋ, ರೇಡಿಯೋ, ಟಿ.ವಿ., ಗಣಪತಿ ಮಂಡಲಗಳ ಧ್ವನಿವರ್ಧಕಗಳು ದಶಕಗಟ್ಟಲೆ ಅವನ್ನೇ ಹಾಕಿದ್ದರ ಫಲವೋ? ಎರಡನ್ನೂ ಬಿಡಿಸದೆ ಏನನ್ನೂ ಹೇಳುವಂತಿಲ್ಲ.

ಬಿಡಿಸುವ ದಾರಿಯನ್ನು ಜಾಕುಬೋವ್‌ಸ್ಕಿ, ಡೇನಿಯಲ್ ಮ್ಯುಲೆನ್‌ಸೀಫೆನ್ ಮೊದಲಾದವರು ಕಂಡುಕೊಂಡರು. 2010ರಿಂದ 2013ರವರೆಗೆ 3,000 ಜನ ತಮ್ಮ ತಲೆಗೆ ಹೊಕ್ಕ ಹಾಡಿನ ಹೆಸರು ಬರೆದುಕೊಟ್ಟಿದ್ದರು. ಅತಿ ಹೆಚ್ಚು ಸಲ ಬಂದ 100 ಹಾಡುಗಳನ್ನು ಆರಿಸಿದರು. ನಂತರ ಪ್ರತಿಯೊಂದಕ್ಕೂ ಒಂದು ಜೋಡಿ ಹುಡುಕಿದರು: ಜನಪ್ರಿಯತೆಯ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಮೇಲೇರಿದ, ಅಷ್ಟೇ ಕಾಲ ನಿಂತ, ಆದರೆ ಯಾರೊಬ್ಬರೂ ಗುಂಗೆಂದು ಹೆಸರಿಸದ ಹಾಡು. ಹೀಗೆ ಕೇಳಿದ ಪ್ರಮಾಣ ಎರಡೂ ಕಡೆ ಸಮವಾದಾಗ ಉಳಿಯುವುದು ರಾಗದ ವ್ಯತ್ಯಾಸ.

ಕಂಪ್ಯೂಟರಿನಿಂದ ಹೋಲಿಸಿದಾಗ ಗುಂಗಿನ ಹಾಡುಗಳು ಸಾಮಾನ್ಯವಾಗಿ ಹೆಚ್ಚು ವೇಗದವು ಎಂದು ಕಂಡಿತು. ಅವುಗಳ ಏರಿಳಿತದ ಒಟ್ಟು ಆಕಾರ ಬಹಳ ಪರಿಚಿತವಾದದ್ದು. ಮೊದಲ ತುಣುಕು ಮೇಲೇರುತ್ತದೆ, ಮುಂದಿನದು ಕೆಳಗಿಳಿಯುತ್ತದೆ, ಮಕ್ಕಳ ಪದ್ಯಗಳಲ್ಲಿ ಇರುವಂತೆ. ಆದರೆ ಆ ಸಲೀಸಾದ ಆಕಾರದೊಳಗೆ ಎಲ್ಲೋ ಒಂದು ಕಡೆ ನಿರೀಕ್ಷಿಸದ ನೆಗೆತವಿರುತ್ತದೆ, ಇಲ್ಲವೇ ಒಂದೇ ಸ್ವರ ವಾಡಿಕೆಗಿಂತ ಹೆಚ್ಚು ಸಲ ಮರಳಿ ಬರುತ್ತದೆ. ಹಾಡಲು ಸುಲಭ, ಆದರೆ ಪೂರ್ತಿ ಸಪ್ಪೆಯಲ್ಲ. ಈ ಫಲಿತಾಂಶ ನನಗೆ ಒಪ್ಪಿಗೆಯಾಗುತ್ತದೆ. ಆದರೂ ಇದನ್ನು ಹಿಟ್ ಹಾಡಿನ ಸೂತ್ರವೆಂದು ಮಾರುವುದು ಸಲ್ಲದು. ಇವು ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುವ ಗುಣಗಳು, ಅಷ್ಟೇ.

ಬಿಡಿಸಿಕೊಳ್ಳುವ ಬಗ್ಗೆ ಒಂದೆರಡು ಮಾತು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ತಂಡ 2015ರಲ್ಲಿ ಜನರಿಗೆ ಹಾಡು ಕೇಳಿಸಿ, ಅದರ ನೆನಪು ಬಂದಾಗಲೆಲ್ಲ ಗುಂಡಿ ಒತ್ತಲು ಹೇಳಿತು. ಚ್ಯೂಯಿಂಗ್ ಗಮ್ ಅಗಿಯುತ್ತಿದ್ದವರಿಗೆ ಹಾಡು ಕಡಿಮೆ ಸಲ ಬಂತು. ತಲೆಯೊಳಗೆ ಹಾಡುವಾಗಲೂ ನಾಲಿಗೆ, ದವಡೆಗಳನ್ನು ನಡೆಸುವ ಮಿದುಳಿನ ಏರ್ಪಾಡು ಒಳಗೊಳಗೇ ದುಡಿಯುತ್ತಿರುತ್ತದೆ, ಅಗಿಯುವುದು ಆ ಏರ್ಪಾಡನ್ನೇ ಬೇರೆ ಕೆಲಸಕ್ಕೆ ಹಚ್ಚುತ್ತದೆ ಎಂಬುದು ಅವರ ವಿವರಣೆ.

ಮತ್ತೆ ಭಜನೆಗೆ ಬರೋಣ, ಏಕೆಂದರೆ ಈ ಎಲ್ಲ ವಿಧಾನಗಳ ಮಿತಿ ಅಲ್ಲಿ ಎದ್ದು ಕಾಣುತ್ತದೆ. ವೇಗ, ಶ್ರುತಿ ಎರಡೂ ಅಧ್ಯಯನಗಳು ನಿಂತಿರುವುದು ಎಲ್ಲರೂ ಕೇಳಿರುವ ಒಂದೇ ಮೂಲ ಮುದ್ರಣ ಇದೆ ಎಂಬ ನೆಲೆಯ ಮೇಲೆ. ಬರ್ಮನ್ನರ ಸಿನಿಮಾ ಹಾಡಿಗೆ ಅದು ಇದೆ. ಸಾಂತಾಕ್ರೂಜ್ ಪೂರ್ವದ ಪೇಜಾವರ ಮಠದಲ್ಲೋ ಬಿಲ್ಲವ ಭವನದಲ್ಲೋ ಕೇಳುವ ದಾಸರ ಪದಕ್ಕೆ ಅಂಥ ಮೂಲವಿಲ್ಲ. ಇಂದು ಹಾರ್ಮೋನಿಯಂ ಹಿಡಿದವರು ಒಂದು ಶ್ರುತಿಯಲ್ಲಿ ಶುರು ಮಾಡಿದರೆ ಮುಂದಿನ ವಾರದವರು ಇನ್ನೊಂದರಲ್ಲಿ. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ವೇಗ ಇಮ್ಮಡಿಯಾಗಿರುತ್ತದೆ. ಮನೆಗೆ ಬಂದ ಮೇಲೆ ತಲೆಯಲ್ಲಿ ಸುತ್ತುವುದು ಆರಂಭದ ನಿಧಾನದ ಪಲ್ಲವಿಯೋ, ಕೊನೆಯ ಜೋರಿನದ್ದೋ?

ಇದನ್ನು ಅಳೆಯಲಾಗದು ಎಂದೇನಲ್ಲ. ಮೊದಲು ಭಜನೆಯನ್ನು ಪೂರ್ತಿಯಾಗಿ ಮುದ್ರಿಸಿಕೊಂಡು ಪ್ರತಿ ಸುತ್ತಿನ ವೇಗ, ಶ್ರುತಿಯನ್ನು ಬರೆದಿಡಬೇಕು. ಬಂದವರ ಮಣಿಕಟ್ಟಿಗೆ ಉಪಕರಣ ಕಟ್ಟಿ ಮರುದಿನದವರೆಗೆ ತಟ್ಟಲು ಹೇಳಬೇಕು. ಅವರು ತಟ್ಟಿದ ವೇಗ ಯಾವ ಸುತ್ತಿಗೆ ಹೊಂದುತ್ತದೆ ಎಂದು ನೋಡಬೇಕು, ತಾಳ ಹಾಕುತ್ತಾ ಹಾಡಿದವರನ್ನೂ ಹಿಂದೆ ಕೂತು ಕೇಳಿದವರನ್ನೂ ಬೇರೆ ಬೇರೆಯಾಗಿ. ರಾಗದ ಹೋಲಿಕೆ ಮಾತ್ರ ಇನ್ನಷ್ಟು ಕಷ್ಟ: ಲಂಡನ್ನಿನ ಕಂಪ್ಯೂಟರು ಹೋಲಿಸಿದ್ದು ಬಿಡಿ ಬಿಡಿ ಸ್ವರಗಳ ಸಾಲನ್ನು, ನಮ್ಮ ಹಾಡಿನಲ್ಲಿ ಗಮಕವಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಬರುವುದನ್ನೆಲ್ಲ ಆ ಬಗೆಯ ಲೆಕ್ಕ ಬಿಟ್ಟುಬಿಡುತ್ತದೆ, ಮತ್ತು ಎಷ್ಟೋ ಸಲ ಪಲ್ಲವಿಯಲ್ಲಿ ಬಾಯಿಗೆ ಬರುವುದು ಆ ಜಾರುವ ಜಾಗವೇ.